ಬೀಗರ ಊಟದಲ್ಲಿ ಯಾರನ್ನ ಏನಂತ ಕರೀಬೇಕು?

ನಮ್ಮ ಹಾಸನ, ಚನ್ನರಾಯಪಟ್ಟಣದ ಕಡೆ ಬೀಗರ ಊಟ ಅಂದ್ರೆ ನಾಲ್ಕು ತಲೆಮಾರಿನ ನೆಂಟರು ಒಂದೇ ಕಡೆ ಸೇರ್ತಾರೆ. ಅಲ್ಲಿ ಈಗಿನ ಹುಡುಗರು ಎಲ್ಲರಿಗೂ ಅಂಕಲ್, ಆಂಟಿ ಅಂದುಬಿಡೋದು ನನಗಂತೂ ಸರಿ ಕಾಣಲ್ಲ. ಸಂಬಂಧ ಗೊತ್ತಿಲ್ಲದೆ ಹಾಗಂತಾರೆ ಅಷ್ಟೇ, ಕಂಡುಕೊಳ್ಳೋದು ಕಷ್ಟವೇನಲ್ಲ.

ಪಕ್ಕದಲ್ಲಿರೋ ಅಪ್ಪನನ್ನೋ ಅಮ್ಮನನ್ನೋ "ಅವರು ನಿಮಗೆ ಏನಾಗಬೇಕು?" ಅಂತ ಕೇಳಿ. ಅಪ್ಪನಿಗೆ ಅಣ್ಣನಾದರೆ ನಿಮಗೆ ದೊಡ್ಡಪ್ಪ, ತಮ್ಮನಾದರೆ ಚಿಕ್ಕಪ್ಪ. ಅಕ್ಕ ತಂಗಿಯರು ಅತ್ತೆ, ಭಾವ ಮಾವ, ಅತ್ತಿಗೆ ದೊಡ್ಡಮ್ಮ. ಅಮ್ಮನ ಕಡೆಯಿಂದ ಕೇಳಿದರೆ ಇದು ತಿರುಗುಮುರುಗು. ಅಮ್ಮನ ಅಣ್ಣ ತಮ್ಮಂದಿರು ಮಾವ, ಅಕ್ಕ ದೊಡ್ಡಮ್ಮ, ತಂಗಿ ಚಿಕ್ಕಮ್ಮ, ಭಾವ ದೊಡ್ಡಪ್ಪ, ಅತ್ತಿಗೆ ಅತ್ತೆ. ಎಷ್ಟೇ ದೂರದ ನೆಂಟಸ್ತಿಕೆಯಾದರೂ ಈ ಲೆಕ್ಕ ತಪ್ಪಲ್ಲ.

"ಏನಂತ ಕರೀತೀರಿ" ಅಂತ ಮಾತ್ರ ಕೇಳಬೇಡಿ, ಎಡವಟ್ಟಾಗೋದೇ ಅಲ್ಲಿ. ಅಪ್ಪನ ಸೋದರಮಾವನ ಮಗ ಅಪ್ಪನಿಗಿಂತ ದೊಡ್ಡವರು ಅಂತಿಟ್ಟುಕೊಳ್ಳಿ. ಸಂಬಂಧದಲ್ಲಿ ಅವರು ಅಪ್ಪನಿಗೆ ಭಾವ, ನಿಮಗೆ ಮಾವ. ಆದರೆ ಜೊತೆಗೆ ಆಡಿ ಬೆಳೆದ ಸಲಿಗೆಗೆ ಅಪ್ಪ "ಅಣ್ಣ" ಅಂತಿರಬಹುದು. ಅದನ್ನು ಕೇಳಿಸಿಕೊಂಡು ನೀವು ದೊಡ್ಡಪ್ಪ ಅಂದರೆ, ಅತ್ತೆಯಾಗಬೇಕಾದ ಅವರ ಹೆಂಡತಿ ದೊಡ್ಡಮ್ಮ ಆಗ್ತಾರೆ, ಅವರ ಮಕ್ಕಳು ನಿಮಗೆ ಅಣ್ಣ ತಂಗಿ ಆಗಿಬಿಡ್ತಾರೆ. ಹೆಣ್ಣು ಗಂಡು ಕೊಟ್ಟು ತರೋ ಸಂಬಂಧ ಅದು! ಹಿರಿಯರು ತಕ್ಷಣ "ಮಾವ ಅನ್ನು ಮಗಾ" ಅಂತ ತಿದ್ದೋದು ಅದಕ್ಕೇ.

ಇನ್ನೊಂದು ಗೊಂದಲ ವಯಸ್ಸಿನದು. ಚಿಕ್ಕಮ್ಮನ ಗಂಡ ನಿಮ್ಮ ಅಪ್ಪನಿಗಿಂತ ಐದು ವರ್ಷ ದೊಡ್ಡವರಿದ್ದರೂ ಚಿಕ್ಕಪ್ಪನೇ. ದೊಡ್ಡ, ಚಿಕ್ಕ ಅನ್ನೋದು ನಿಮ್ಮ ಅಮ್ಮನಿಗೆ ಚಿಕ್ಕಮ್ಮ ತಂಗಿ ಅನ್ನೋದರ ಮೇಲೆ ನಿಂತಿದೆ, ಅವರ ಗಂಡನ ತಲೆಗೂದಲಿನ ಮೇಲಲ್ಲ. ಹಾಗೇ ಅಪ್ಪನ ಚಿಕ್ಕಪ್ಪನ ಕೊನೇ ಮಗ ನಿಮಗಿಂತ ಕಿರಿಯನಿರಬಹುದು, ಆದರೂ ಅವನು ಚಿಕ್ಕಪ್ಪ. ಎದುರಿಗೆ ಹೆಸರು ಹಿಡಿದು ಕರೆದರೆ ಯಾರೂ ಬೇಜಾರು ಮಾಡಿಕೊಳ್ಳಲ್ಲ, ಆದರೆ ನಿಮ್ಮ ಮಗುವಿಗೆ ಪರಿಚಯ ಮಾಡಿಸುವಾಗ "ತಾತ ಆಗ್ಬೇಕು ಕಣೋ" ಅನ್ನಲೇಬೇಕು. ಮೂರು ಜನ ದೊಡ್ಡಪ್ಪಂದಿರಿದ್ದರೆ ಹೇಳುವಾಗ ಬೇಲೂರು ದೊಡ್ಡಪ್ಪ, ಅರಕಲಗೂಡು ದೊಡ್ಡಪ್ಪ ಅಂತ ಊರು ಸೇರಿಸಿ. ಎದುರಿಗೆ ಬರೀ ದೊಡ್ಡಪ್ಪ ಸಾಕು.

ಒಳಸಂಬಂಧ ಇರೋ ಮನೆಗಳಲ್ಲಿ ಒಬ್ಬರೇ ಎರಡು ದಾರಿಯಲ್ಲಿ ನೆಂಟರಾಗ್ತಾರೆ. ಸೋದರಮಾವನನ್ನೇ ಮದುವೆಯಾದವಳ ಮಗುವಿಗೆ ಅಮ್ಮನ ತಾಯಿ ಅಜ್ಜಿಯೂ ಹೌದು, ಅಪ್ಪನ ಅಕ್ಕನಾದ್ದರಿಂದ ಅತ್ತೆಯೂ ಹೌದು. ಅಲ್ಲಿ ಹೆತ್ತ ಕರುಳಿನ ದಾರಿ ಹಿಡೀಬೇಕು. ಮಗು ಅಜ್ಜಿ ಅಂತಲೇ ಕರೀಲಿ.