ನಲವತ್ತು ಸೆಕೆಂಡಿನ ಶಹಬ್ಬಾಸ್

"ಭಾಳ ಛಲೋ ಮಾಡಿದ್ರಿ." ಗಂಗಾವತಿ ಕಡೆ ಈ ಮಾತು ಹೊಗಳಿಕೆಗೂ ಬರುತ್ತದೆ, ಬೈಗುಳಕ್ಕೂ ಬರುತ್ತದೆ. ಯಾವುದೆಂದು ಹೇಳುವುದು ರಾಗ. ಟೈಪ್ ಮಾಡಿ ಕಳಿಸಿದರೆ ರಾಗ ಕಳಿಸಿದವರ ಹತ್ತಿರವೇ ಉಳಿದು, ಓದುವವರು ತಮ್ಮದೊಂದು ರಾಗ ಹಾಕಿಕೊಳ್ಳುತ್ತಾರೆ. ರಾತ್ರಿಪಾಳಿ ಮುಗಿಸಿ ನಿದ್ದೆಗಣ್ಣಲ್ಲಿ ಓದಿದವರಿಗೆ ಎಲ್ಲೋ ಎಡವಟ್ಟಾಯಿತು ಎಂದೇ ಅನ್ನಿಸಬಹುದು. ಈ ಭಯಕ್ಕೆ ಕೆಲವರು "ತಮ್ಮ ಸೇವೆ ಶ್ಲಾಘನೀಯ" ಎಂದು ಬರೆಯುತ್ತಾರೆ. ಶಾಲು, ಹಾರ ಮಾತ್ರ ಬಾಕಿ. ಅದಕ್ಕಿಂತ ಮೊಬೈಲಿನಲ್ಲಿ ನಲವತ್ತು ಸೆಕೆಂಡು ಮಾತಾಡಿ ದನಿ ಸಂದೇಶ ಕಳಿಸುವುದು ವಾಸಿ, ರಾಗವೂ ಜೊತೆಗೇ ಹೋಗುತ್ತದೆ.

ಅಕ್ಕಿ ಗಿರಣಿಯ ಒಂದು ರಾತ್ರಿ ತೆಗೆದುಕೊಳ್ಳೋಣ. ಭತ್ತ ಮೇಲೆತ್ತುವ ಎಲಿವೇಟರ್ ನಿಂತಿದೆ. ಫಿಟ್ಟರ್ ಗಡಿಬಿಡಿಯಲ್ಲಿ ಮೋಟಾರ್ ಚಾಲೂ ಮಾಡಲಿಲ್ಲ. ಮೇನ್ ಬಂದ್ ಮಾಡಿಸಿ, ತಳದ ಬಾಗಿಲು ತೆಗೆದು, ತುಂಬಿಕೊಂಡ ಭತ್ತ ಖಾಲಿ ಮಾಡಿ, ಸಡಿಲಾದ ಬೆಲ್ಟನ್ನು ಎರಡೂ ಬದಿ ಸಮ ಬಿಗಿದರು. ಒಂದೇ ಬದಿ ಹೆಚ್ಚು ಬಿಗಿದರೆ ಬೆಲ್ಟ್ ಪಕ್ಕಕ್ಕೆ ಸರಿದು ಬಕೆಟ್‌ಗಳು ತಗಡಿಗೆ ಉಜ್ಜುತ್ತವೆ. ಬೆಳಿಗ್ಗೆ ಲೆಕ್ಕದವರು ಕಳಿಸುವ ದನಿ ಹೀಗಿದ್ದರೆ ಸಾಕು: "ಅಣ್ಣಾರ, ರಾತ್ರಿ ಭತ್ತ ಪೂರಾ ತಗದು ಆಮ್ಯಾಲೆ ಮೋಟಾರ್ ಹಾಕಿದ್ರಂತಲ್ಲ... ಹಂಗ ಹಾಕಿದ್ರ ಬೆಲ್ಟ್ ಹೋಗ್ತಿತ್ರಿ. ಭಾಳ ಛಲೋ ಆತು."

ಆ ನಡುವಿನ ತಡವರಿಕೆಯೇ ಇಲ್ಲಿ ಬೆಲೆಯುಳ್ಳದ್ದು. ಹೇಳುವವರು ಯೋಚಿಸಿ ಹೇಳುತ್ತಿದ್ದಾರೆ ಎಂಬುದಕ್ಕೆ ಸಾಕ್ಷಿ. ಅಳಿಸಿ ಅಳಿಸಿ ಮತ್ತೆ ರೆಕಾರ್ಡ್ ಮಾಡುತ್ತ ಹೋದರೆ ಅದು ಬಾಯಿಪಾಠವಾಗುತ್ತದೆ. ಚೀಟಿ ನೋಡಿ ಓದಿದ್ದಂತೂ ಕೂಡಲೇ ಸಿಕ್ಕಿಬೀಳುತ್ತದೆ: ಮಾತಾಡುವಾಗ "ಹಾಗೂ", "ಅತ್ಯಂತ" ಎನ್ನುವವರು ನಮ್ಮಲ್ಲಿ ಯಾರಿದ್ದಾರೆ?

ಕೆಡುವುದು ಹೆಚ್ಚಾಗಿ ಎರಡು ಕಡೆ. ಗಿರಣಿಯೊಳಗೇ ನಿಂತು ರೆಕಾರ್ಡ್ ಮಾಡಿದರೆ ಯಂತ್ರದ ಗದ್ದಲಕ್ಕೆ ಕೂಗಬೇಕಾಗುತ್ತದೆ, ಕೂಗಿದ ಹೊಗಳಿಕೆ ಜಗಳದಂತೆ ಕೇಳುತ್ತದೆ. ತೂಕದ ಕಾಟಾದ ಆಚೆ ಬಂದು, ಮೈಕ್ ಗುಂಡಿಯನ್ನು ಮೇಲಕ್ಕೆ ಜಾರಿಸಿ ಲಾಕ್ ಮಾಡಿಕೊಂಡರೆ ಬೆರಳು ಜಾರಿ ಅರ್ಧ ಮಾತು ಹೋಗುವುದಿಲ್ಲ. ಎರಡನೆಯದು ಬಾಲ. "ಹಂಗ ನಾಳೆ ಸ್ವಲ್ಪ ಲಗೂ ಬರ್ರಿ" ಎಂದು ಕೊನೆಗೆ ಅಂಟಿಸಿದರೆ, ಅಲ್ಲಿಯವರೆಗಿನ ಮಾತೆಲ್ಲ ಆ ಕೆಲಸಕ್ಕೆ ಹಚ್ಚಿದ ಬೆಣ್ಣೆ. ಕೆಲಸದ ಮಾತಿಗೆ ಬೇರೆ ಸಂದೇಶ ಕಳಿಸಿ, ಅದೂ ಸ್ವಲ್ಪ ಹೊತ್ತು ಬಿಟ್ಟು.

ಕೇಳುವವರು ದೀಡಪಟ್ಟು ವೇಗದಲ್ಲಿ ಹಾಕಿದರೆ ತಡವರಿಕೆಯೂ ಓಡಿಹೋಗುತ್ತದೆ, ಅದಕ್ಕೆ ಮದ್ದಿಲ್ಲ. ಚಿಕ್ಕದಿದ್ದರೆ ವೇಗ ಹೆಚ್ಚಿಸುವ ಗೋಜಿಗೆ ಹೋಗಲಿಕ್ಕಿಲ್ಲ, ಅಷ್ಟೇ.

ಬರಹಕ್ಕೆ ಬೇರೆ ಕೆಲಸವಿದೆ. ಪಗಾರ ಹೆಚ್ಚಿಸುವ ಹೊತ್ತಿಗೆ ಮಾಲೀಕರ ಮುಂದೆ ಹಿಡಿಯಲು ದನಿ ಸಂದೇಶ ಉಪಯೋಗಕ್ಕೆ ಬರುವುದಿಲ್ಲ. ಆರು ತಿಂಗಳ ಹಿಂದಿನ ದನಿ ಹುಡುಕಿದರೂ ಬೇಗ ಸಿಗುವುದಿಲ್ಲ. ಆದ್ದರಿಂದ ಗಿರಣಿಯ ಗುಂಪಿಗೆ ತಾರೀಖು, ಹೊತ್ತು, ಮಾಡಿದ ಕೆಲಸ ಎಂದು ಎರಡು ಸಾಲು ಒಣದಾಗಿಯೇ ಬರೆಯಲಿ. ದನಿ ಮಾತ್ರ ಫಿಟ್ಟರ್‌ಗೆ ಒಬ್ಬರಿಗೇ ಹೋಗಲಿ. ಗುಂಪಿಗೆ ಹಾಕಿದರೆ ಸ್ಪೀಕರಿನಲ್ಲಿ ಎಲ್ಲರೆದುರು ಮೊಳಗಿ, ಪಾಪ, ಅವರು ಇಡೀ ದಿನ ಚಹಾ ಕುಡಿಸುತ್ತ ತಿರುಗಬೇಕಾಗುತ್ತದೆ.