ಡೀಲ್ ಮುರಿದರೆ ಷೇರು ಎಲ್ಲಿಗೆ ಬಂದು ನಿಲ್ಲುತ್ತದೆ?

ಒಂದು ಕಂಪನಿ ಇನ್ನೊಂದನ್ನು ಕೊಳ್ಳುತ್ತೇನೆ ಎಂದು ಘೋಷಿಸಿದ ಮೇಲೆ, ಮಾರಾಟವಾಗಲಿರುವ ಕಂಪನಿಯ ಷೇರು ಕೊಂಡು ಕಾಯುವುದಕ್ಕೆ ಮರ್ಜರ್ ಆರ್ಬಿಟ್ರೇಜ್ ಅನ್ನುತ್ತಾರೆ. ಡೀಲ್ ಮುಗಿದರೆ ಘೋಷಿಸಿದ ಬೆಲೆ ಪೂರ್ತಿ ಸಿಗುತ್ತದೆ. ಆಗ ಎಷ್ಟು ಲಾಭ ಅಂತ ಎಲ್ಲರೂ ಲೆಕ್ಕ ಹಾಕುತ್ತಾರೆ. ಮುರಿದರೆ ಷೇರು ಎಲ್ಲಿಗೆ ಇಳಿಯುತ್ತದೆ ಅನ್ನುವುದನ್ನು ಮಾತ್ರ ಸುಮ್ನೆ ಅಂದಾಜು ಮಾಡಿ ಬಿಡುತ್ತಾರೆ. ನನ್ನ ತಕರಾರು ಇರೋದೇ ಅಲ್ಲಿ.

ಆಗಸ್ಟ್ 2023ರಲ್ಲಿ ಅಮೆರಿಕದಲ್ಲಿ ಟ್ಯಾಪೆಸ್ಟ್ರಿ ಕಂಪನಿ ಕ್ಯಾಪ್ರಿಯನ್ನು ಷೇರಿಗೆ 57 ಡಾಲರ್ ನಗದು ಕೊಟ್ಟು ಕೊಳ್ಳಲು ಒಪ್ಪಿತು. ಟ್ಯಾಪೆಸ್ಟ್ರಿಯದು ಕೋಚ್ ಬ್ಯಾಗು, ಕ್ಯಾಪ್ರಿಯದು ಮೈಕೆಲ್ ಕೋರ್ಸ್. ಹಿಂದಿನ ದಿನ ಕ್ಯಾಪ್ರಿ ಷೇರು 34 ಡಾಲರ್ ಆಸುಪಾಸಿನಲ್ಲಿತ್ತು. ಏಪ್ರಿಲ್ 2024ರಲ್ಲಿ ಅಲ್ಲಿನ ಸ್ಪರ್ಧಾ ನಿಯಂತ್ರಕ ಎಫ್‌ಟಿಸಿ ಇದನ್ನು ತಡೆಯಲು ಕೇಸು ಹಾಕಿತು. ಎರಡೂ ಒಂದಾದರೆ ಹ್ಯಾಂಡ್‌ಬ್ಯಾಗ್ ಬೆಲೆ ಏರುತ್ತದೆ ಅನ್ನುವುದು ಅದರ ವಾದ.

ಅಕ್ಟೋಬರ್‌ನಲ್ಲಿ ತೀರ್ಪಿಗೆ ಮುಂಚೆ ಷೇರು ಸುಮಾರು 41 ಡಾಲರ್‌ಗೆ ಸಿಗುತ್ತಿತ್ತು. ಈಗ ಲೆಕ್ಕ ನೋಡಿ. ಡೀಲ್ ಮುರಿದರೆ ಹಳೆಯ 34ಕ್ಕೆ ಇಳಿಯುತ್ತದೆ ಅಂದುಕೊಂಡರೆ ನಷ್ಟ 7, ಗೆದ್ದರೆ ಲಾಭ 16. 34ರಿಂದ 57ರವರೆಗಿನ ಒಟ್ಟು 23 ಡಾಲರ್ ಅಂತರದಲ್ಲಿ ಷೇರು 7 ಮಾತ್ರ ಮೇಲಿದೆ ಅಂದರೆ, ಡೀಲ್ ಆಗುವ ಸಾಧ್ಯತೆ ಸುಮಾರು 30% ಮಾತ್ರ ಅಂತ ಮಾರುಕಟ್ಟೆ ಹೇಳಿದ ಹಾಗೆ. "ಅಷ್ಟು ಕಡಿಮೆನಾ? ಇದು ಅಗ್ಗ" ಅಂತ ಯಾರಿಗಾದರೂ ಅನ್ನಿಸುತ್ತದೆ, ಅಲ್ವಾ?

ಆದರೆ 34 ಅನ್ನುವುದು ಒಂದು ವರ್ಷ ಹಳೆಯ ಬೆಲೆ. ಅಷ್ಟರಲ್ಲಿ ವ್ಯಾಪಾರವೇ ಬಿದ್ದುಹೋಗಿತ್ತು. ಆಗಸ್ಟ್ 2024ರ ತ್ರೈಮಾಸಿಕ ಫಲಿತಾಂಶದಲ್ಲಿ ಕ್ಯಾಪ್ರಿಯ ಮಾರಾಟ ಸುಮಾರು 13% ಕುಸಿದದ್ದು ಎದ್ದು ಕಾಣುತ್ತಿತ್ತು. ಷೇರು ಅದಕ್ಕೆ ತಕ್ಕಂತೆ ಇಳಿಯದೆ ನಿಂತಿದ್ದು 57ರ ಆಸೆಯಿಂದ.

ಅಕ್ಟೋಬರ್ 24ರಂದು ನ್ಯಾಯಾಧೀಶೆ ಜೆನಿಫರ್ ರೋಚನ್ ಡೀಲ್‌ಗೆ ತಡೆ ಕೊಟ್ಟರು. ಷೇರು ಮರುದಿನವೇ ಸುಮಾರು ಅರ್ಧಕ್ಕೆ, 21ರ ಹತ್ತಿರಕ್ಕೆ ಬಿತ್ತು. 34ರಲ್ಲಿ ನಿಲ್ಲಲೇ ಇಲ್ಲ. 21 ಇಟ್ಟು ಮತ್ತೆ ಲೆಕ್ಕ ಹಾಕಿದರೆ ನಷ್ಟ 20, ಲಾಭ 16. ಸಾಧ್ಯತೆ 36ರಲ್ಲಿ 20, ಅಂದರೆ ಸುಮಾರು 56%. ಅದೇ 41 ಡಾಲರ್ ಬೆಲೆ ಈಗ ಅಗ್ಗವಾಗಿ ಕಾಣುವುದಿಲ್ಲ. ಕೇಸಿನ ಬಗ್ಗೆ ನಮ್ಮ ಊಹೆ ಎಷ್ಟೇ ಚೆನ್ನಾಗಿದ್ದರೂ ತಳದ ಬೆಲೆ ತಪ್ಪಿದರೆ ಇಡೀ ಲೆಕ್ಕ ತಪ್ಪುತ್ತದೆ.

ಅದಕ್ಕೇ ನಾನು ಇಂಥ ಷೇರು ನೋಡುವಾಗ ಘೋಷಿಸಿದ ಬೆಲೆಯನ್ನು ಪಕ್ಕಕ್ಕಿಟ್ಟು, ಡೀಲ್ ಬಂದೇ ಇಲ್ಲ ಅಂತ ಇಟ್ಟುಕೊಂಡು ಇವತ್ತಿನ ಮಾರಾಟ, ಲಾಭ, ಸಾಲ ನೋಡಿ ಬೆಲೆ ಕಟ್ಟುತ್ತೇನೆ. ಪ್ರತಿ ಫಲಿತಾಂಶ ಬಂದಾಗಲೂ ಮತ್ತೆ ಕಟ್ಟುತ್ತೇನೆ. ಡೀಲ್ ಎಳೆದಷ್ಟೂ ಹಳೆಯ ಬೆಲೆಗೆ ಅರ್ಥ ಕಡಿಮೆ.

ನವೆಂಬರ್‌ನಲ್ಲಿ ಎರಡೂ ಕಂಪನಿಗಳು ಒಪ್ಪಂದ ಕೈಬಿಟ್ಟವು. ಟ್ಯಾಪೆಸ್ಟ್ರಿ ಖರ್ಚಿನ ಬಾಬ್ತು ಸುಮಾರು 4.5 ಕೋಟಿ ಡಾಲರ್ ಕೊಡಲು ಒಪ್ಪಿತು. ಆ ದುಡ್ಡು ಕ್ಯಾಪ್ರಿ ಕಂಪನಿಗೆ. 41ಕ್ಕೆ ಕೊಂಡವರ ಕೈಯಲ್ಲಿ ಉಳಿದದ್ದು ಷೇರು ಮಾತ್ರ.