ಮದುವೆ ಹಾಲ್‌ನ ತೂಕ ತನಿಖಾ ಸಮಿತಿ

ನಮ್ಮ ಮಂಗಳೂರು ಉಡುಪಿ ಕಡೆ ಯಾವ ಮದುವೆ ಹಾಲ್‌ಗೆ ಬೇಕಾದ್ರೂ ಹೋಗಿ, ಬಾಗಿಲಲ್ಲಿ ಒಂದು ಗ್ಲಾಸ್ ಜ್ಯೂಸ್ ಸಿಗ್ತದೆ, ಅದನ್ನು ಕುಡಿದು ಮುಗಿಸುವ ಮೊದಲೇ ನಿಮ್ಮ ತೂಕದ ರಿಪೋರ್ಟೂ ಸಿಗ್ತದೆ. ಇದಕ್ಕೊಂದು ಸಮಿತಿ ಉಂಟು. ಚುನಾವಣೆ ಇಲ್ಲ, ಸಂಬಳ ಇಲ್ಲ, ರಿಟೈರ್ಮೆಂಟಂತೂ ಇಲ್ವೇ ಇಲ್ಲ. ಫ್ಯಾನಿನ ಕೆಳಗೆ ಎರಡನೇ ಸಾಲಲ್ಲಿ ಮಲ್ಲಿಗೆ ಮುಡಿದುಕೊಂಡು ಕೂತಿರ್ತಾರೆ, ಗಂಡಸರ ವಿಭಾಗ ಹೊರಗೆ ಪಾರ್ಕಿಂಗ್ ಹತ್ರ. "ಎಂತ ಮಾರಾಯ್ತಿ, ಇಷ್ಟು ದಪ್ಪ ಆಗಿದ್ದಿ?" ಅಂತ ಒಬ್ರು ಶುರು ಮಾಡಿದ್ರೆ ಪಕ್ಕದವರು "ಮುಖ ಅಂತೂ ನೋಡಿ, ಪೂರಿ ಆಗಿದೆ" ಅಂತ ಅನುಮೋದಿಸ್ತಾರೆ, ನಿರ್ಣಯ ಪಾಸ್. ಆಮೇಲೆ "ಊಟಕ್ಕೆ ಬಾ" ಅಂತ ಅವರೇ ಕರ್ಕೊಂಡು ಹೋಗಿ ಎಲೆಗೆ ಎರಡು ಹೋಳಿಗೆ ಜಾಸ್ತಿ ಹಾಕಿಸ್ತಾರೆ, ಬೇಡ ಅಂದ್ರೆ "ನಿನಗೆಂತ ಡಯಟ್ಟಾ?" ಅಂತ ಕೇಳ್ತಾರೆ.

ನಾನು ಈ ಸಮಿತಿಯ ಕಾಯಂ ಫೈಲ್ ಆದದ್ದು ಕಿಡ್ನಿಯಿಂದಾಗಿ. ಮೂತ್ರದಲ್ಲಿ ಸೋಪಿನ ನೊರೆ ಥರ ಬರ್ಲಿಕ್ಕೆ ಶುರುವಾಯ್ತು, ಬೆಳಿಗ್ಗೆ ಎದ್ರೆ ಕಣ್ಣಿನ ರೆಪ್ಪೆ ಊದಿರ್ತಿತ್ತು, ಸಂಜೆಗೆ ಕಾಲು. ಟೆಸ್ಟ್ ಮಾಡಿದ್ರೆ ಕಿಡ್ನಿಯ ಸೋಸುವ ಜಾಗದಿಂದ ಪ್ರೋಟೀನ್ ಸೋರಿ ಹೋಗ್ತಾ ಉಂಟು ಅಂತ ಗೊತ್ತಾಯ್ತು, ಬಯಾಪ್ಸಿ ಆಯ್ತು, ಮಿನಿಮಲ್ ಚೇಂಜ್ ಡಿಸೀಸ್ ಅಂದ್ರು, ಇದಕ್ಕೆ ಮದ್ದು ಪ್ರೆಡ್ನಿಸೋಲೋನ್, ಅಂದ್ರೆ ಸ್ಟೀರಾಯ್ಡ್. ಕೆಜಿಗೆ ಒಂದು ಮಿಲಿಗ್ರಾಂ ಲೆಕ್ಕ, ನನ್ನ ತೂಕಕ್ಕೆ ದಿನಕ್ಕೆ 60 ಮಿಲಿಗ್ರಾಂ, ಬೆಳಿಗ್ಗೆ ತಿಂಡಿ ಆದ್ಮೇಲೆ ಒಟ್ಟಿಗೆ ನುಂಗುವುದು. ಬೆಳಿಗ್ಗೆಯೇ ಯಾಕೆ ಅಂದ್ರೆ ರಾತ್ರಿ ತಗೊಂಡ್ರೆ ನಿದ್ದೆ ಬರುದಿಲ್ಲ. ಬೆಳಿಗ್ಗೆ ತಗೊಂಡ್ರೂ ನನಗೆ ಬರ್ತಿರ್ಲಿಲ್ಲ, ಅದು ಬೇರೆ ವಿಷಯ.

ಮದ್ದು ಕೆಲಸ ಮಾಡಿತು, ಪ್ರೋಟೀನ್ ನಿಂತಿತು, ಕಾಲಿನ ಬಾವು ಇಳಿಯಿತು. ಅಷ್ಟರಲ್ಲಿ ಮುಖ ದುಂಡಗಾಗ್ಲಿಕ್ಕೆ ಶುರು. ಇವೆರಡೂ ಒಂದೇ ಅಲ್ಲ, ಸಮಿತಿಗೆ ಮಾತ್ರ ಒಂದೇ. ರೋಗದ ಬಾವು ನೀರಿನದ್ದು, ಕಾಲಿಗೆ ಬೆರಳಿಟ್ಟು ಒತ್ತಿ ತೆಗೆದ್ರೆ ಗುಳಿ ಬಿದ್ದು ಸ್ವಲ್ಪ ಹೊತ್ತು ಹಾಗೇ ಇರ್ತದೆ. ಸ್ಟೀರಾಯ್ಡಿನ ದುಂಡು ಮುಖ ಹಾಗಲ್ಲ, ಅದು ಮೈಯ ಕೊಬ್ಬು ಜಾಗ ಬದಲಿಸಿ ಕೆನ್ನೆಗೆ, ಕುತ್ತಿಗೆಯ ಹಿಂದೆ, ಹೊಟ್ಟೆಗೆ ಬಂದು ಕೂರುವುದು, ಒತ್ತಿದ್ರೆ ಗುಳಿ ಬೀಳುದಿಲ್ಲ, ಕೈಕಾಲು ಮಾತ್ರ ಸಪೂರ. ಜೊತೆಗೆ ಹಸಿವು ಎಂಥದ್ದು ಅಂದ್ರೆ ರಾತ್ರಿ ಹನ್ನೆರಡಕ್ಕೆ ಎದ್ದು ತಂಗಳು ನೀರ್ ದೋಸೆ ತಿಂದದ್ದುಂಟು. ಮೊಡವೆ ಬಂತು, ಕೆನ್ನೆಯಲ್ಲಿ ನಯವಾದ ಕೂದಲು ಬಂತು, ಬಾಗಿಲ ಚಿಲಕ ಸ್ವಲ್ಪ ತಾಗಿದ್ರೂ ತೋಳು ನೀಲಿ.

ಸಮಿತಿ ಇದಕ್ಕೂ ಪರಿಹಾರ ಕೊಟ್ಟಿತು. "ಆ ಇಂಗ್ಲಿಷ್ ಮದ್ದು ನಾಳೆಯಿಂದಲೇ ಬಿಡು, ನಾನೊಂದು ಪೌಡರ್ ಕಳಿಸ್ತೇನೆ, ನಮ್ಮ ಸೊಸೆಯ ತಂಗಿ ಸಪೂರ ಆಗಿದ್ದಾಳೆ." ಡಬ್ಬಿಯಲ್ಲಿ ಒಳಗೆ ಎಂತ ಉಂಟು ಅಂತ ಬರೆದಿರ್ಲಿಲ್ಲ, ಸೊಂಟ ಸಪೂರದ ಹುಡುಗಿಯ ಫೋಟೋ ಮಾತ್ರ ದೊಡ್ಡದಾಗಿ ಇತ್ತು. ಕಿಡ್ನಿ ಸರಿ ಇಲ್ಲದವಳಿಗೆ ಹೆಸರಿಲ್ಲದ ಪೌಡರ್! ಮತ್ತೆ ಸ್ಟೀರಾಯ್ಡ್ ಒಮ್ಮೆಲೇ ಬಿಡುವುದು ಅಂದ್ರೆ ತಮಾಷೆ ಅಲ್ಲ ಮಾರಾಯ್ರೆ. ಕಿಡ್ನಿ ಮೇಲೆ ಟೊಪ್ಪಿ ಇಟ್ಟ ಹಾಗೆ ಕೂತಿರುವ ಅಡ್ರಿನಲ್ ಗ್ರಂಥಿ ದಿನಾ ಕಾರ್ಟಿಸಾಲ್ ಅನ್ನುವ ಮೈಯ ಸ್ವಂತ ಸ್ಟೀರಾಯ್ಡ್ ಮಾಡ್ತದೆ, ವಾರಗಟ್ಟಲೆ ಹೊರಗಿಂದ ಮಾತ್ರೆ ಬಂದ್ರೆ ಅದು ಕೆಲಸ ನಿಲ್ಲಿಸಿ ಮಲಗ್ತದೆ. ನೀವು ಮಾತ್ರೆ ತಟಕ್ಕನೆ ನಿಲ್ಲಿಸಿದ್ರೆ ಅದು ತಟಕ್ಕನೆ ಏಳುದಿಲ್ಲ, ವಾಂತಿ, ಸುಸ್ತು, ಬಿಪಿ ಇಳಿದು ಬೀಳುವುದು, ಜೀವಕ್ಕೇ ಕುತ್ತು ಬರ್ಬಹುದು. ಅದಕ್ಕೇ ಡಾಕ್ಟ್ರು ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪವೇ ಇಳಿಸ್ತಾರೆ. ಇದನ್ನು ಹೇಳಿದ್ರೆ ದೊಡ್ಡಮ್ಮ "ನಾವೆಲ್ಲ ಮದ್ದು ತಿನ್ನದೆ ಬದುಕ್ಲಿಲ್ವಾ" ಅಂತಾರೆ. ಅವರ ಪರ್ಸಲ್ಲಿ ಬಿಪಿ ಮಾತ್ರೆ ಯಾವಾಗ್ಲೂ ಉಂಟು.

ಇಲ್ಲಿಗೇ ಮುಗಿದಿದ್ರೆ ನಾನು ಬರೀತಿರ್ಲಿಲ್ಲ. ಸಮಿತಿಗೆ ಬೆಡ್‌ರೂಮಿನ ಮೇಲೂ ಅಧಿಕಾರ ಉಂಟು ಅಂತ ನನಗೆ ಗೊತ್ತಾದದ್ದು ಒಂದು ರಿಸೆಪ್ಶನ್ನಲ್ಲಿ, ಕೈತೊಳೆಯುವ ಜಾಗದಲ್ಲಿ. ಮಾಮಿ ಒಬ್ರು ಹತ್ರ ಬಂದು ದನಿ ತಗ್ಗಿಸಿ (ಅವರ ತಗ್ಗಿಸಿದ ದನಿ ಬಫೆ ಕ್ಯೂವಿನ ಕೊನೆವರೆಗೂ ಹೋಗ್ತದೆ) "ನೋಡು ಮಗಾ, ನಿನ್ನ ಗಂಡ ಇನ್ನೂ ಹುಡುಗನ ಹಾಗೆ ಇದ್ದಾನೆ, ನೀನು ಸ್ವಲ್ಪ ನಿನ್ನನ್ನು ನೋಡ್ಕೊಳ್ಳಬೇಕು, ಗಂಡಸ್ರ ಮನಸ್ಸು..." ಅಂದ್ರು. ಆಚೆ ಪಾರ್ಕಿಂಗ್ ವಿಭಾಗದಲ್ಲಿ ಇವರ ಬೆನ್ನು ತಟ್ಟಿ "ಪಾಪ, ನೀನು ಅಡ್ಜಸ್ಟ್ ಮಾಡ್ತಾ ಇದ್ದಿ" ಅಂತ ಸನ್ಮಾನ ಬೇರೆ ಆಗಿತ್ತಂತೆ, ಶಾಲು ಹಾರ ಮಾತ್ರ ಬಾಕಿ.

ಅವತ್ತಿಂದ ಸಮಿತಿ ಕೋರಂ ಸಮೇತ ನಮ್ಮ ಮನೆಗೇ ಬಂದು ಸೀಲಿಂಗ್ ಫ್ಯಾನ್ ಮೇಲೆ ಕೂತಿತು. ನಾನು ಬಟ್ಟೆ ಬದಲಿಸ್ಲಿಕ್ಕೆ ಬಾತ್‌ರೂಮಿಗೆ ಹೋಗಿ ಚಿಲಕ ಹಾಕ್ತಿದ್ದೆ, ಮದುವೆಯಾಗಿ ಅಷ್ಟು ವರ್ಷ ಆದ್ಮೇಲೆ. ಲೈಟ್ ಆಫ್ ಮಾಡಿ ಮಲಗುವುದು, ನೈಟಿ ಮೇಲೆ ಇನ್ನೊಂದು ಶಾಲು, ಗೋಡೆ ಕಡೆ ಮುಖ. ಇವರು ಹತ್ರ ಬಂದು ತೋಳಿಗೆ ಕೈ ಇಟ್ರೆ ನನಗೆ ಆ ಕೈ ಗೊತ್ತಾಗ್ತಿರ್ಲಿಲ್ಲ, ಈಗ ಹೊಟ್ಟೆ ತಾಗ್ತದಾ, ಕುತ್ತಿಗೆಯ ಹಿಂದಿನ ಗಡ್ಡೆ ತಾಗ್ತದಾ, ಕೆನ್ನೆಯ ಕೂದಲು ತಾಗ್ತದಾ ಅಂತಲೇ ಲೆಕ್ಕ, ಮೇಲಿಂದ ಮಾಮಿ ಮಾರ್ಕ್ ಹಾಕ್ತಾ ಇದ್ದಾರೆ. ಹೀಗೆ ತನ್ನ ಮೈಯನ್ನು ತಾನೇ ಹೊರಗೆ ನಿಂತು ಪ್ರೇಕ್ಷಕನ ಹಾಗೆ ನೋಡುವುದಕ್ಕೆ ಅಮೆರಿಕದ ಮಾಸ್ಟರ್ಸ್ ಮತ್ತು ಜಾನ್ಸನ್ ಅನ್ನುವ ಇಬ್ಬರು ಲೈಂಗಿಕತೆಯ ಸಂಶೋಧಕರು 1970ರಲ್ಲೇ ಸ್ಪೆಕ್ಟೇಟರಿಂಗ್ ಅಂತ ಹೆಸರಿಟ್ಟಿದ್ದಾರೆ. ನೋಡ್ತಾ ಇರುವವಳಿಗೆ ಮುಟ್ಟಿದ್ದು ತಿಳಿಯುದಿಲ್ಲ, ಮುಟ್ಟಿದ್ದು ತಿಳಿಯದ್ರೆ ಆಸೆ ಹುಟ್ಟುದಿಲ್ಲ, ಆಸೆ ಹುಟ್ಲಿಲ್ಲ ಅಂದ್ರೆ "ನೋಡು, ನಾನು ಹೇಳ್ಲಿಲ್ವಾ" ಅಂತ ಫ್ಯಾನ್ ಮೇಲಿಂದ ದನಿ.

ಇವರ ಕಥೆ ಇನ್ನೊಂದು. ನಾನು ಗೋಡೆ ಕಡೆ ತಿರುಗಿದ್ದನ್ನು ನೋಡಿ "ಅವಳಿಗೆ ನೋವು ಉಂಟು, ಸುಸ್ತು ಉಂಟು, ಕಿಡ್ನಿ ಪೇಷೆಂಟು, ನಾನೆಂತ ಪ್ರಾಣಿಯಾ" ಅಂತ ಅಂದ್ಕೊಂಡು ಕೈ ತೆಗೆದುಬಿಟ್ರು. ಕೈ ತೆಗೆದದ್ದನ್ನು ನೋಡಿ "ಇವರಿಗೂ ಬೇಡ ಆಗಿದೆ" ಅಂತ ನಾನು ಅಂದ್ಕೊಂಡೆ. ಹೀಗೆ ಇಬ್ಬರೂ ಒಬ್ಬರಿಗೊಬ್ಬರು ಭಾರೀ ಮರ್ಯಾದೆ ಕೊಟ್ಟುಕೊಂಡು, ನಡುವೆ ಒಂದು ತಲೆದಿಂಬು ಇಟ್ಟುಕೊಂಡು, ಮಲಗಿದ್ದು ಮಲಗಿದ್ದೇ. ಊರಿಗೆಲ್ಲ ನಮ್ಮ ಬೆಡ್‌ರೂಮಿನ ವಿಷಯ ಗೊತ್ತಿತ್ತು, ನಮಗಿಬ್ಬರಿಗೆ ಬಿಟ್ಟು.

ಕೊನೆಗೆ ಬಾಯಿಬಿಟ್ಟದ್ದು ಇವರು, ಅದೂ ಚೆಕಪ್ಪಲ್ಲಿ. ಕ್ರಿಯಾಟಿನಿನ್ ರಿಪೋರ್ಟ್ ನೋಡಿ ಡಾಕ್ಟ್ರು "ಬೇರೇನಾದ್ರೂ ಉಂಟಾ?" ಅಂದಾಗ ಇವರು ಗೋಡೆಯ ಕ್ಯಾಲೆಂಡರ್ ನೋಡ್ಕೊಂಡು "ಅದು, ನಾವು, ಹತ್ರ, ಆಗ್ಬಹುದಾ" ಅಂತ ಕೇಳಿದ್ರು. ನಾನು ಬ್ಯಾಗಿನ ಜಿಪ್ ತೆಗೆದು ಹಾಕಿ ಮಾಡ್ತಿದ್ದೆ. ಡಾಕ್ಟ್ರು ಏನೂ ಆಗದವರ ಹಾಗೆ, ನಿಮ್ಮ ಈಗಿನ ಸ್ಥಿತಿಗೆ ತೊಂದರೆ ಇಲ್ಲ, ಗರ್ಭ ಧರಿಸುವ ಯೋಚನೆ ಇದ್ರೆ ಮಾತ್ರ ಮೊದಲು ಹೇಳಿ, ಮತ್ತೆ ನಿದ್ದೆ ಇಲ್ಲದ್ದು, ಸುಮ್ಮನೆ ಅಳು ಬರುವುದು, ಸಿಟ್ಟು, ಇದೆಲ್ಲ ಸ್ಟೀರಾಯ್ಡಿಂದಲೂ ಆಗ್ತದೆ, ಅದನ್ನು ನಿಮ್ಮ ಗುಣ ಅಂತ ಅಂದ್ಕೊಳ್ಬೇಡಿ ಅಂದ್ರು, ಒಬ್ಬರು ಕೌನ್ಸೆಲರ್ ಹತ್ರ ಕಳಿಸಿದ್ರು.

ಆಕೆ ಕೊಟ್ಟ ಹೋಂವರ್ಕೂ ಅದೇ ಮಾಸ್ಟರ್ಸ್ ಜಾನ್ಸನ್ನರದ್ದು, ಹೆಸರು ಸೆನ್ಸೇಟ್ ಫೋಕಸ್. ಮೊದಲ ನಿಯಮ ಕೇಳಿ ಇವರ ಮುಖ ನೋಡ್ಬೇಕಿತ್ತು: ಸಂಭೋಗ ಬಂದ್. ಕೆಲವು ವಾರ ಮಾಡ್ಲೇಬಾರ್ದು, ಮನಸ್ಸಾದ್ರೂ. ಸರದಿಯ ಮೇಲೆ ಒಬ್ಬರು ಇನ್ನೊಬ್ಬರನ್ನು ಒಂದು ಹದಿನೈದು ಇಪ್ಪತ್ತು ನಿಮಿಷ ಮುಟ್ಟುವುದು, ಮೊಲೆ ಮತ್ತು ಗುಪ್ತಾಂಗ ಬಿಟ್ಟು ಬೆನ್ನು, ಕೈ, ಪಾದ, ಮಂಡೆ ಹೀಗೆ. ಮುಟ್ಟುವವರು ಎದುರಿನವರನ್ನು ಖುಷಿ ಮಾಡ್ಲಿಕ್ಕೆ ಹೋಗ್ಬಾರ್ದು, ತನ್ನ ಬೆರಳಿಗೆ ಎಂತ ಗೊತ್ತಾಗ್ತದೆ ಅಂತ ಮಾತ್ರ ನೋಡ್ಬೇಕು, ಬಿಸಿಯಾ ತಣ್ಣಗೆಯಾ, ನಯವಾ ಒರಟಾ. ಮುಟ್ಟಿಸಿಕೊಳ್ಳುವವರಿಗೆ ಇರುವ ಕೆಲಸ ಒಂದೇ, ನೋವಾದ್ರೆ ಅಥವಾ ಬೇಡ ಅನಿಸಿದ್ರೆ ಹೇಳುವುದು. ಮೊದಲು ಬಿಟ್ಟ ಭಾಗಗಳು ಸೇರುವುದು ಆಮೇಲಿನ ಹಂತದಲ್ಲಿ, ಅದೂ ಇಬ್ಬರಿಗೂ ಸರಾಗ ಅನಿಸಿದ್ರೆ. ಇದರಲ್ಲಿ ಪಾಸ್ ಫೇಲ್ ಇಲ್ಲದ ಕಾರಣ ಮೇಲೆ ಕೂತ ಸಮಿತಿಗೆ ಮಾರ್ಕ್ ಹಾಕ್ಲಿಕ್ಕೆ ಎಂತದೂ ಸಿಗುದಿಲ್ಲ, ಉಪಾಯ ಇರುವುದು ಅಲ್ಲೇ.

ಮೊದಲ ಸಲ ಹಾಳಾಯ್ತು. ಇವರು ಬ್ಯಾಂಕ್ ಇನ್ಸ್‌ಪೆಕ್ಷನ್ನಿಗೆ ಬಂದವರ ಹಾಗೆ ಗಂಭೀರವಾಗಿ ಮೊಬೈಲಲ್ಲಿ ಟೈಮರ್ ಇಟ್ರು, ಪ್ರತಿ ಎರಡು ನಿಮಿಷಕ್ಕೆ "ಹೇಗುಂಟು, ಓಕೆಯಾ?" ಅಂತ ಕೇಳಿದ್ರು, ಕೇಳಿದ್ರೆ ಅದು ಮತ್ತೆ ಪರೀಕ್ಷೆಯೇ, ಪಾದ ಮುಟ್ಟಿದಾಗ ನನಗೆ ಕಚಗುಳಿ ಆಗಿ ಇವರಿಗೆ ಒದ್ದುಬಿಟ್ಟೆ. ನಂತರ ಪ್ರಶ್ನೆ ನಿಲ್ಲಿಸಿದ್ರು. ಒಂದು ದಿನ ಕುತ್ತಿಗೆಯ ಹಿಂದೆ ಕೈ ಬಂತು, ಆ ಗಡ್ಡೆ ಮೇಲೆ, ನಾನು ಉಸಿರು ಹಿಡಿದೆ, ಕೈ ನಿಲ್ಲದೆ ಮುಂದೆ ಹೋಯ್ತು, ಬೆನ್ನು ಹೇಗೋ ಅದೂ ಹಾಗೇ. ಅವತ್ತು ಕೌನ್ಸೆಲರ್ ಹೇಳಿದ್ದು ಅರ್ಥ ಆಯ್ತು ನನಗೆ. ಇದು ಎಲ್ಲದಕ್ಕೂ ಮದ್ದಲ್ಲ ಅಂತಲೂ ಆಕೆ ಹೇಳಿದ್ರು, ಕೂಡುವಾಗ ನೋವು, ಒಣಗಿದ ಹಾಗೆ ಆಗುವುದು, ವಾರಗಟ್ಟಲೆ ಮನಸ್ಸು ಕುಗ್ಗಿಯೇ ಇರುವುದು, ಇದಕ್ಕೆ ಬೇರೆಯೇ ಚಿಕಿತ್ಸೆ ಉಂಟು, ಬರೀ ಮುಟ್ಟಿ ಸರಿ ಆಗುದಿಲ್ಲ ಅಂತ.

ನನಗೆ ಆಶ್ಚರ್ಯ ಆದದ್ದು ಇವರ ಸರದಿ ಬಂದಾಗ. "ಲೈಟ್ ಆಫ್ ಮಾಡುವನಾ?" ಅಂದ್ರು. ಹೊಟ್ಟೆ ಒಳಗೆ ಎಳ್ಕೊಂಡು ಮಲಗಿದ್ರು, ಮಾತಾಡ್ಲಿಕ್ಕೂ ಉಸಿರಿಲ್ಲ. ನಾನು ಆಸ್ಪತ್ರೆ, ಮಾತ್ರೆ ಅಂತ ಇದ್ದಾಗ ಇವರಿಗೂ ಹೊಟ್ಟೆ ಬಂದಿತ್ತು, ಇವರೂ ಕನ್ನಡಿ ಬಿಟ್ಟಿದ್ರು, ಸಮಿತಿ ಮಾತ್ರ ಇವರ ಫೈಲನ್ನೇ ತೆರೆದಿರ್ಲಿಲ್ಲ, "ಹುಡುಗನ ಹಾಗೆ ಇದ್ದಾನೆ" ಅಂತ ಕಣ್ಣುಮುಚ್ಚಿ ಸರ್ಟಿಫಿಕೇಟ್ ಕೊಟ್ಟಿತ್ತು.

ಈಗ ನನ್ನ ಡೋಸ್ ಇಳಿದು 5 ಮಿಲಿಗ್ರಾಂಗೆ ಬಂದಿದೆ, ಮುಖದ ದುಂಡು ಮೆಲ್ಲ ಇಳಿದಿದೆ, ಅದಕ್ಕೆ ತಿಂಗಳುಗಳೇ ಬೇಕಾಯ್ತು, ಹೊಟ್ಟೆಯದ್ದು ಅಷ್ಟು ಸುಲಭಕ್ಕೆ ಹೋಗ್ತಾ ಇಲ್ಲ. ಸಮಿತಿಯ ಹೊಸ ಪ್ರಶ್ನೆ "ಎಂತ ಇಷ್ಟು ಸಪೂರ ಆಗಿದ್ದಿ, ಶುಗರ್ ಬಂತಾ?"

ಇವರ ಫೈಲೂ ಮೊನ್ನೆ ತೆರೆಯಿತು. ಕೈತೊಳೆಯುವ ಜಾಗದ ಅದೇ ಮಾಮಿ ಇವರ ಹೊಟ್ಟೆ ನೋಡಿ ಖುಷಿಪಟ್ಟು ನನಗೆ "ನಿನ್ನ ಕೈಯ ಅಡುಗೆ ಒಳ್ಳೆದುಂಟು ಮಗಾ, ಗಂಡನನ್ನು ಚೆನ್ನಾಗಿ ನೋಡ್ಕೊಂಡಿದ್ದಿ" ಅಂತ ಕ್ರೆಡಿಟ್ ಕೊಟ್ರು. ನನಗೆ ಉಪ್ಪು ಕಮ್ಮಿ ಅಂತ ಮನೆಯಲ್ಲಿ ಅಡುಗೆ ಮಾಡುವುದೇ ಇವರು, ಆ ಸಪ್ಪೆ ಸಾರು ಇವರಿಗೇ ಸೇರುದಿಲ್ಲ, ಹೊಟ್ಟೆ ಪೂರ್ತಿ ಆಫೀಸಿನ ಹತ್ರದ ಹೋಟೆಲಿನ ಗೋಳಿಬಜೆಯದ್ದು.